ಎಂಟು ಮಂದಿಯ ಚೀಟಿ

*ಮಗಳು ಪುಣೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಬೀಮ್ ಅಂದರೆ ತೊಲೆಯ ಪಾಠ ತಲೆಗೆ ಹತ್ತಲಿಲ್ಲ ಅಂತ ಮನೆಯಲ್ಲಿ ಅಳುತ್ತಾಳೆ. ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರ್ಮ್ ಬಂದರೆ ಎಲ್ಲದಕ್ಕೂ ‘ಅತ್ಯುತ್ತಮ’ ಒತ್ತಿಬಿಡ್ತೀನಿ ಅನ್ನುತ್ತಾಳೆ. ಗುರುಗಳ ಮೇಲೆ ದೂರು ಬರೆಯುವುದು ಸರಿಯಾ?*
*— ಒಬ್ಬ ತಾಯಿ, ಚಿಂಚವಾಡ*

ಅಮ್ಮಾ, ನಾನು ಮುಂಬಯಿಯ ಒಂದು ರಾತ್ರಿ ಕಾಲೇಜಿನಲ್ಲಿ ಆರು ವರ್ಷ ಲೆಕ್ಕಶಾಸ್ತ್ರ ಹೇಳಿಕೊಟ್ಟಿದ್ದೇನೆ. ಹಾಗಾಗಿ ಮೇಷ್ಟ್ರ ಕಡೆಯಿಂದ ಉತ್ತರ ಕೊಡ್ತೇನೆ.

ವರ್ಷದ ಕೊನೆಗೆ ನಾನೇ ಚೀಟಿ ಹಂಚುತ್ತಿದ್ದೆ. ಬಹುಪಾಲು ಚೀಟಿಗಳಲ್ಲಿ ‘ಚೆನ್ನಾಗಿದೆ ಸರ್’. ಒಂದೆರಡರಲ್ಲಿ ‘ಬೋರ್’. ಓದಿ ಏನು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಒಂದು ವರ್ಷ ಮಾತ್ರ ಹೋಟೆಲ್ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಚೀಟಿ ಬಂತು: ‘ಹೊಸ ನಿಯಮವನ್ನು ನೀವು ಆರೂವರೆಗೆ ಕ್ಲಾಸು ಶುರುವಾದ ಕೂಡಲೇ ಹೇಳಿಬಿಡ್ತೀರಿ. ಕುರ್ಲಾದಲ್ಲಿ ಗಾಡಿ ಬದಲಿಸಿ ಬರುವ ನಾವು ಎಂಟು ಮಂದಿ ಕೂರುವಾಗ 6:40. ಮೊದಲ ಹತ್ತು ನಿಮಿಷ ನಿನ್ನೆಯ ಲೆಕ್ಕ ನೋಡಿ, ಆಮೇಲೆ ಹೊಸದು ಶುರು ಮಾಡಿದರೆ ನಮಗೂ ಸಿಗುತ್ತೆ.’ ಜೂನ್‌ನಿಂದಲೇ ಹಾಗೆ ಮಾಡಿದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಒಂದು ಪೈಸೆ ಖರ್ಚೂ ಇರಲಿಲ್ಲ. ಅದಕ್ಕೂ ಮೊದಲು ಅದೇ ಎಂಟು ಮಂದಿಯನ್ನು ನಾನು ದಡ್ಡರು ಅಂದುಕೊಂಡಿದ್ದೆ!

ಅದು ದೂರಾ ಹೇಳಿ? ಏನಾಗುತ್ತಿದೆ, ಯಾರಿಗೆ ತೊಂದರೆ, ಏನು ಬದಲಿಸಬಹುದು, ಮೂರೂ ಅದರಲ್ಲಿತ್ತು.

ನಿಮ್ಮ ಮಗಳ ಬೀಮ್ ವಿಷಯಕ್ಕೆ ಬರೋಣ. ‘ಸರ್ ಸರಿಯಾಗಿ ಪಾಠ ಮಾಡಲ್ಲ’ ಅಂತ ಬರೆದರೆ ಅವರಿಗೆ ನೋವಾಗುತ್ತೆ, ಬೇರೇನೂ ಆಗಲ್ಲ. ಮೊದಲು ಅವಳು ತನ್ನ ನೋಟ್ಸ್ ತೆಗೆದು, ಎಲ್ಲಿಯವರೆಗೆ ಅರ್ಥವಾಗಿದೆ, ಯಾವ ಪುಟದಲ್ಲಿ ತಪ್ಪಿತು ಅಂತ ನೋಡಲಿ. ಆಮೇಲೆ ಹೀಗೆ ಬರೆಯಬಹುದು: ‘ಶಿಯರ್ ಫೋರ್ಸ್ ಚಿತ್ರವನ್ನು ಹಂತ ಹಂತವಾಗಿ ಬೋರ್ಡಿನ ಮೇಲೆ ಬಿಡಿಸಿದ್ದು ಚೆನ್ನಾಗಿ ಅರ್ಥವಾಯಿತು, ಅದನ್ನು ಹಾಗೇ ಇಡಿ. ಬೆಂಡಿಂಗ್ ಮೊಮೆಂಟ್‌ಗೆ ಕ್ಲಾಸಿನಲ್ಲಿ ಮಾಡಿದ ನಾಲ್ಕು ಲೆಕ್ಕವೂ ಎರಡು ತುದಿಗೆ ಆಸರೆ ಇರುವ ಬೀಮಿನವು. ಪರೀಕ್ಷೆಯಲ್ಲಿ ಬಂದದ್ದು ತುದಿ ಆಸರೆಯಿಂದಾಚೆ ಚಾಚಿದ ಓವರ್‌ಹ್ಯಾಂಗಿಂಗ್ ಬೀಮ್. ಅದರಲ್ಲಿ ಆಸರೆಯ ಹತ್ತಿರ ಮೊಮೆಂಟ್ ಮೈನಸ್ ಆಗುತ್ತೆ. ಪ್ಲಸ್‌ನಿಂದ ಮೈನಸ್‌ಗೆ ತಿರುಗುವ ಜಾಗ ಹುಡುಕುವುದು ನನಗೆ ಬರಲಿಲ್ಲ. ನಾಲ್ಕರಲ್ಲಿ ಒಂದು ಲೆಕ್ಕ ಓವರ್‌ಹ್ಯಾಂಗ್ ಇರುವ ಬೀಮಿನದಾದರೆ ಸಹಾಯವಾಗುತ್ತೆ.’ ಇದನ್ನು ಓದಿದ ಮೇಷ್ಟ್ರು ಮುಂದಿನ ವರ್ಷ ಯಾವ ಲೆಕ್ಕ ಬದಲಿಸಬೇಕು ಅಂತ ಅಲ್ಲೇ ಗುರುತು ಹಾಕಿಕೊಳ್ಳಬಹುದು.

ಸಿಲಬಸ್ ಜಾಸ್ತಿ, ಕ್ಲಾಸಿನಲ್ಲಿ ಜನ ಜಾಸ್ತಿ ಅನ್ನುವುದು ನಿಜವೇ ಇರಬಹುದು. ಆದರೆ ಅದು ಮೇಷ್ಟ್ರ ಕೈಯಲ್ಲಿಲ್ಲ. ಅದನ್ನು ವಿಭಾಗದ ಮುಖ್ಯಸ್ಥರಿಗೆ ಬೇರೆಯಾಗಿ ಬರೆಯಲಿ.

ಅಂಕ ಒತ್ತುವುದರಿಂದ ಕಾಲೇಜಿಗೆ ಅನುಕೂಲ ಇದೆ, ಒಟ್ಟು ಹಾಕಿ ನೋಡಬಹುದು, ಒಪ್ಪುತ್ತೇನೆ. ಆದರೆ ಅಂಕದೊಳಗೆ ಏನೇನೋ ಸೇರಿಕೊಂಡಿರುತ್ತೆ. ಅಮೆರಿಕದ ನಾರ್ಥ್ ಕ್ಯಾರೊಲಿನಾದಲ್ಲಿ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆನ್‌ಲೈನ್ ಕ್ಲಾಸು, ಮುಖ ಕಾಣುವುದಿಲ್ಲ. ಪಾಠ ಮಾಡುವ ಇಬ್ಬರೂ ಒಂದು ಗುಂಪಿಗೆ ಗಂಡಸಿನ ಹೆಸರಲ್ಲಿ, ಇನ್ನೊಂದಕ್ಕೆ ಹೆಂಗಸಿನ ಹೆಸರಲ್ಲಿ ಪಾಠ ಮಾಡಿದರು. ತಿದ್ದಿದ ಕೆಲಸವನ್ನು ಎಲ್ಲರಿಗೂ ಒಂದೇ ಹೊತ್ತಿಗೆ ವಾಪಸ್ ಕೊಟ್ಟರು. ಬೇಗ ಕೊಟ್ಟರಾ ಅನ್ನುವ ಪ್ರಶ್ನೆಗೆ ಗಂಡಸಿನ ಹೆಸರಿಗೆ 5ರಲ್ಲಿ 4.35, ಹೆಂಗಸಿನ ಹೆಸರಿಗೆ 3.55 ಬಂತು! ಸಣ್ಣ ಕ್ಲಾಸಿನ ಪ್ರಯೋಗ ಅದು, ನಿಜ. ಆದರೂ ‘ಎರಡನೇ ಅಸೈನ್‌ಮೆಂಟ್ ಎಷ್ಟು ದಿನಕ್ಕೆ ಬಂತು’ ಅಂತ ದಿನ ಎಣಿಸಿ ಬರೆದಿದ್ದರೆ ಈ ವ್ಯತ್ಯಾಸಕ್ಕೆ ಜಾಗ ಎಲ್ಲಿತ್ತು?

ಮಗಳಿಗೆ ಭಯ ಇದ್ದರೆ ಅದೂ ನ್ಯಾಯವೇ. ಸಣ್ಣ ಕ್ಲಾಸಿನಲ್ಲಿ ಹೆಸರಿಲ್ಲದಿದ್ದರೂ ಬರೆದವರು ಯಾರು ಅಂತ ಗೊತ್ತಾಗುತ್ತೆ. ತನಗೊಬ್ಬಳಿಗೇ ಆದ ಘಟನೆ ಬಿಡಲಿ, ಇಡೀ ಕ್ಲಾಸು ಕಂಡದ್ದನ್ನು ಬರೆಯಲಿ. ಗೆಳತಿಯರ ನೋಟ್ಸ್ ಕೂಡ ಅಲ್ಲೇ ನಿಂತಿದೆಯಾ ಅಂತ ಕೇಳಿಕೊಂಡು ‘ನಾವು ನಾಲ್ವರು’ ಅಂದರೆ ಇನ್ನೂ ಒಳ್ಳೆಯದು.

ನನ್ನ ಸಿಟ್ಟೆಲ್ಲ ಕಾಲೇಜುಗಳ ಮೇಲೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ವಿದ್ಯಾರ್ಥಿ ಸಮೀಕ್ಷೆಯಲ್ಲೂ 20 ಪ್ರಶ್ನೆಗೆ ಗುರುತು ಹಾಕಿದ ಮೇಲೆ ಕೊನೆಗೆ ಮೂರು ಸಲಹೆ ಬರೆಯುವ ಜಾಗ ಇದೆ. ಆ ಜಾಗ ಖಾಲಿ ಬಿಡುತ್ತಾರೆ ಅಂತ ಮಕ್ಕಳನ್ನು ಬೈಯುತ್ತೇವೆ. ಬರೆದದ್ದು ಮೇಷ್ಟ್ರ ಕೈಗೆ ತಲುಪಿತಾ, ಹೋದ ವರ್ಷದ ಸಲಹೆಯಿಂದ ಏನು ಬದಲಾಯಿತು ಅಂತ ಕ್ಲಾಸಿನ ಮೊದಲ ದಿನ ಯಾರಾದರೂ ಹೇಳ್ತಾರಾ? ಮನೆಯಲ್ಲೂ ಅಷ್ಟೇ. ದೊಡ್ಡವರು ಕೇಳಿದರೆ ‘ಚೆನ್ನಾಗಿದೆ’ ಅನ್ನು ಅಂತ ನಾವೇ ಕಲಿಸಿದ್ದೇವೆ, ಅಲ್ವಾ?

ಫಾರ್ಮ್ ಮುಚ್ಚುವ ಮುಂಚೆ ಮಗಳನ್ನು ಬೀಮಿನ ನೋಟ್ಸ್ ಜೊತೆ ಕೂರಿಸಿ. ಆ ಹೋಟೆಲ್ ಬಿಲ್ಲು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಪೆನ್ಸಿಲ್ ಮಾಸಿದೆ, 6:40 ಮಾತ್ರ ಇನ್ನೂ ಓದಲು ಬರುತ್ತೆ.

— ಸಂಪಾದಕ