ಎರಡು ದಿನ ದಾಟಿದ ಬಿಕ್ಕಳಿಕೆ: ಹೆಗಲು ನೋಯುತ್ತಿದೆಯಾ ಕೇಳಿ ನೋಡಿ

ಪ್ರಶ್ನೆ: ನಮ್ಮ ಯಜಮಾನರಿಗೆ ಎರಡೂವರೆ ದಿನದಿಂದ ಬಿಕ್ಕಳಿಕೆ. ನೀರು ಕುಡಿದರೆ ಸ್ವಲ್ಪ ಹೊತ್ತು ನಿಲ್ಲುತ್ತೆ, ಮತ್ತೆ ಶುರು. ಡಾಕ್ಟರ ಹತ್ರ ಹೋಗಬೇಕಾ, ಇನ್ನೂ ಕಾಯಬಹುದಾ?

ಕಾಯಬೇಡಿ, ಇವತ್ತೇ ಹೋಗಿ. 48 ಗಂಟೆ ದಾಟಿದರೆ ಕಾರಣ ಹುಡುಕಲೇಬೇಕು. ಅಷ್ಟು ಹೊತ್ತು ಬಿಡದೆ ಬರುತ್ತಿದೆ ಅಂದರೆ ಒಳಗೆ ಯಾವುದೋ ನರವನ್ನು ಏನೋ ಕೆಣಕುತ್ತಲೇ ಇರಬಹುದು.

ನಾನು ನರ್ಸ್. ಆದರೆ ಇದನ್ನು ಸರಿಯಾಗಿ ಕಲಿತದ್ದು ನಮ್ಮ ಅಪ್ಪನಿಂದ. ಅವರಿಗೆ ಆಗ 68 ವರ್ಷ. ಭಾನುವಾರ ಸಂಜೆ ಬಿಕ್ಕಳಿಕೆ ಶುರುವಾಯಿತು. ನೀರು ಕುಡಿದರು, ಉಸಿರು ಹಿಡಿದರು. ಹತ್ತು ನಿಮಿಷ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ರಾತ್ರಿ ನಿದ್ದೆಯಲ್ಲೂ ಬಿಡಲಿಲ್ಲ. ಬುಧವಾರ ಬೆಳಗ್ಗೆ "ಬಲ ಹೆಗಲು ಯಾಕೋ ನೋಯ್ತಿದೆ ಕಣಮ್ಮ" ಅಂದರು. ಮೂರು ರಾತ್ರಿ ಮೈ ಕುಲುಕಿ ಕುಲುಕಿ ಎಲ್ಲೋ ಉಳುಕಿದೆ ಅಂದುಕೊಂಡು ಮುಲಾಮು ಹಚ್ಚೋಕೆ ಕೂತೆ. ಒತ್ತಿದರೆ ನೋವಿಲ್ಲ. ಕೈ ಮೇಲೆತ್ತಿದರೂ ನೋವಿಲ್ಲ. ಉಸಿರು ಜೋರಾಗಿ ಎಳೆದುಕೊಂಡಾಗ ಮಾತ್ರ ಹೆಗಲ ತುದಿಯಲ್ಲಿ ಚುಚ್ಚಿದಂತಾಗಿ ಮುಖ ಕಿವುಚಿದರು. ಮುಲಾಮು ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಟೆವು.

ಹೆಗಲಿಗೂ ಬಿಕ್ಕಳಿಕೆಗೂ ಏನು ಸಂಬಂಧ ಅನ್ನಿಸುತ್ತೆ ಅಲ್ವಾ? ಎದೆಗೂ ಹೊಟ್ಟೆಗೂ ನಡುವೆ ಪರದೆಯ ಹಾಗೆ ಇರುವ ಸ್ನಾಯುವೇ ವಪೆ, ಅಂದರೆ ಡಯಾಫ್ರಮ್. ಅದು ತಟ್ಟನೆ ಕುಗ್ಗಿ, ಆ ಕ್ಷಣದಲ್ಲೇ ಗಂಟಲ ಬಾಗಿಲು ಮುಚ್ಚಿಕೊಂಡಾಗ ಬರುವ ಸದ್ದೇ ಬಿಕ್ಕಳಿಕೆ. ಅದನ್ನು ಆಡಿಸುವ ಫ್ರೆನಿಕ್ ನರ ಹುಟ್ಟುವುದು ಕತ್ತಿನಲ್ಲಿ. ಅಲ್ಲಿಂದ ಎದೆಯೊಳಗೆ ಇಳಿದು, ಹೃದಯದ ಪಕ್ಕದಲ್ಲಿ ಹಾದು ವಪೆಗೆ ಸೇರುತ್ತದೆ. ಹೆಗಲ ಚರ್ಮದ ನರಗಳೂ ಕತ್ತಿನ ಅದೇ ಭಾಗಕ್ಕೆ ಬಂದು ಸೇರುತ್ತವೆ. ಹಾಗಾಗಿ ವಪೆಗೆ ತೊಂದರೆಯಾದರೆ ನೋವು ಹೆಗಲಲ್ಲಿದೆ ಅಂತ ಮಿದುಳು ತಿಳಿದುಕೊಳ್ಳುತ್ತದೆ.

ಡಾಕ್ಟರು ಅಪ್ಪನ ಬೆನ್ನು ಬೆರಳಲ್ಲಿ ತಟ್ಟಿ ನೋಡಿದರು. ಎಡಗಡೆ ಟೊಳ್ಳು ಸದ್ದು, ಬಲಗಡೆ ಕೆಳಗೆ ಮಾತ್ರ ಮಂದ ಸದ್ದು. ಎಕ್ಸ್‌ರೇಯಲ್ಲಿ ಗೊತ್ತಾಯಿತು, ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಆ ಭಾಗ ವಪೆಯ ಮೇಲೇ ಕೂತಿರುತ್ತದೆ. ಜ್ವರ ಇರಲಿಲ್ಲ, ಕೆಮ್ಮು ಇದ್ದೂ ಇಲ್ಲದ ಹಾಗಿತ್ತು. ವಯಸ್ಸಾದವರಲ್ಲಿ ಹೀಗಾಗುವುದುಂಟು. ಆಂಟಿಬಯೋಟಿಕ್ ಶುರುವಾಯಿತು. ಎರಡನೇ ದಿನಕ್ಕೆ ಬಿಕ್ಕಳಿಕೆ ಕಡಿಮೆಯಾಯಿತು, ನಾಲ್ಕನೇ ದಿನ ನಿಂತೇ ಹೋಯಿತು. ನಡುವೆ ನಿದ್ದೆಯಾದರೂ ಬರಲಿ ಅಂತ ಬಿಕ್ಕಳಿಕೆ ತಗ್ಗಿಸುವ ಬ್ಯಾಕ್ಲೋಫೆನ್ ಮಾತ್ರೆ ಸ್ವಲ್ಪ ಪ್ರಮಾಣದಲ್ಲಿ ಕೊಟ್ಟರು, ಅದೂ ಕಿಡ್ನಿ ರಿಪೋರ್ಟ್ ನೋಡಿದ ಮೇಲೆ. ಕಿಡ್ನಿ ಸರಿಯಿಲ್ಲದವರಲ್ಲಿ ಆ ಮಾತ್ರೆ ಮೈಯಲ್ಲೇ ಉಳಿದು ಮಂಪರು, ಗೊಂದಲ ಬರುತ್ತದೆ. ನೀವಾಗಿಯೇ ಅಂಗಡಿಯಿಂದ ತಂದು ಕೊಡಬೇಡಿ, ದಯವಿಟ್ಟು.

ನಿಮ್ಮವರಿಗೂ ನ್ಯುಮೋನಿಯಾನೇ ಅಂತ ನಾನು ಹೇಳುತ್ತಿಲ್ಲ. ಹೆಚ್ಚಾಗಿ ಸಿಗುವ ಕಾರಣ ಹೊಟ್ಟೆಯದ್ದು: ಹೊಟ್ಟೆ ಉಬ್ಬುವುದು, ಆಸಿಡ್ ಅನ್ನನಾಳಕ್ಕೆ ಮೇಲೇರುವುದು. ಯಕೃತ್ತು ಊದಿಕೊಂಡರೆ, ಇಲ್ಲವೇ ಹೊಟ್ಟೆಯ ಆಪರೇಷನ್ ಆದ ಮೇಲೆ ವಪೆಯ ಕೆಳಗೆ ಕೀವು ಕಟ್ಟಿದರೆ ಕೆಳಗಿನಿಂದ ಒತ್ತಡ ಬೀಳುತ್ತದೆ. ಕತ್ತಿನಲ್ಲಿ ಥೈರಾಯ್ಡ್ ಗಡ್ಡೆ ನರವನ್ನು ಒತ್ತಬಹುದು. ವೇಗಸ್ ಅನ್ನುವ ಇನ್ನೊಂದು ನರವೂ ಇದರಲ್ಲಿ ಸೇರಿದೆ, ಅದರ ಕವಲೊಂದು ಕಿವಿಗೂ ಹೋಗುತ್ತದೆ. ಕಿವಿಯ ತಮಟೆಗೆ ಒಂದು ಕೂದಲು ತಾಗುತ್ತಿದ್ದರೂ ಬಿಕ್ಕಳಿಕೆ ಬರಬಹುದು. ಅದಕ್ಕೇ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರೆ ಆಶ್ಚರ್ಯಪಡಬೇಡಿ. ರಕ್ತದಲ್ಲಿ ಸೋಡಿಯಂ ಕಡಿಮೆಯಾದರೂ, ಕಿಡ್ನಿ ಕೆಲಸ ಕುಂದಿದರೂ ಬರುತ್ತದೆ, ರಕ್ತ ಪರೀಕ್ಷೆ ಅದಕ್ಕೇ.

ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಶುರುಮಾಡಿದ ಒಂದೆರಡು ದಿನದಲ್ಲೇ ಬಿಕ್ಕಳಿಕೆ ಹಿಡಿದದ್ದನ್ನು ವಾರ್ಡಿನಲ್ಲಿ ನೋಡಿದ್ದೇನೆ. ಆದರೆ ಡಾಕ್ಟರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಇನ್ನು, ನಿದ್ದೆಯಲ್ಲೂ ಬರುತ್ತಿದೆಯಾ ಗಮನಿಸಿ ಹೇಳಿ. ಬರುತ್ತಿದ್ದರೆ ಮೈಯಲ್ಲೇ ಕಾರಣವಿರುವ ಸಾಧ್ಯತೆ ಜಾಸ್ತಿ. ನಿದ್ದೆಯಲ್ಲಿ ನಿಂತಿತು ಅಂತ ಸುಮ್ನೆ ಇರೋ ಹಾಗೂ ಇಲ್ಲ.

ಬಿಕ್ಕಳಿಕೆಯ ಜೊತೆ ಎದೆನೋವು, ಏದುಸಿರು, ತಣ್ಣನೆಯ ಬೆವರು ಇದ್ದರೆ ಓಪಿಡಿ ಸಾಲಿನಲ್ಲಿ ನಿಲ್ಲಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಹೃದಯದ ಕೆಳಭಾಗ ವಪೆಯ ಮೇಲೇ ಕೂತಿರುತ್ತದೆ, ಅಲ್ಲಿ ಹೃದಯಾಘಾತವಾದಾಗ ಬಿಕ್ಕಳಿಕೆ ಬರುವುದುಂಟು. ಇದ್ದಕ್ಕಿದ್ದ ಹಾಗೆ ತಲೆ ತಿರುಗಿ ನಡಿಗೆ ತಪ್ಪಿದರೆ, ನುಂಗೋಕೆ ಕಷ್ಟವಾದರೆ, ಮಾತು ತೊದಲಿದರೆ, ಎರಡೆರಡು ಕಂಡರೆ ಅದು ಮಿದುಳುಕಾಂಡದ ಸ್ಟ್ರೋಕ್ ಇರಬಹುದು. ಆಗ ಒಂದು ಗಂಟೆಯೂ ತಡ ಮಾಡಬೇಡಿ.