ಕಾಲ್ ಸೆಂಟರ್ ಮಾತಿನ ಧಾಟಿ: ಪ್ರಪೋಸಲ್‌ನಲ್ಲಿ ಪ್ರಶ್ನೆ ಮತ್ತು ಸ್ಯಾಂಪಲ್ ಬರೆಯುವುದು ಹೇಗೆ?

ಪ್ರಶ್ನೆ: ಭಾಷಾವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರಿದ್ದೀನಿ. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಕನ್ನಡ ಪ್ರೋಸೆಸ್‌ನವರ, ಅಂದರೆ ಕನ್ನಡದಲ್ಲಿ ಕರೆ ನಿಭಾಯಿಸುವವರ, ಸಹಜ ಮಾತಿನ ಏರಿಳಿತ ನನ್ನ ವಿಷಯ. ಸಂಶೋಧನಾ ಪ್ರಶ್ನೆ, ಸ್ಯಾಂಪಲ್ ಎರಡೂ ಇರುವ ಭಾಗವನ್ನು ಗೈಡ್ ಎರಡು ಸಲ ವಾಪಸ್ ಕಳಿಸಿದರು, "ತುಂಬಾ ಅಗಲ" ಅಂದರು. ಹೇಗೆ ಬರೆಯಲಿ?

ನಿಮ್ಮ ಗೈಡ್ ಹೇಳಿದ್ದು ಸರಿ ಇರಬೇಕು. "ಕಾಲ್ ಸೆಂಟರ್ ಉದ್ಯೋಗಿಗಳ ಮಾತಿನ ಧಾಟಿ ಹೇಗಿರುತ್ತದೆ" ಅನ್ನುವುದು ಪ್ರಶ್ನೆ ಅಲ್ಲ, ಅದು ಶೀರ್ಷಿಕೆ. ಏನು ಅಳೆದರೆ ಉತ್ತರ "ಹೌದು" ಆಗುತ್ತದೆ, ಏನು ಅಳೆದರೆ "ಇಲ್ಲ" ಆಗುತ್ತದೆ ಎಂದು ಹೇಳಲು ಬಂದರೆ ಮಾತ್ರ ಅದು ಪ್ರಶ್ನೆ. ನಾನು ಇದೇ ಜಾಗದಲ್ಲಿ ಒಂದು ವರ್ಷ ಒದ್ದಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಒಂದು ಸಣ್ಣ ಜಾಗ ಹಿಡಿಯಿರಿ. ನನ್ನ ಸಲಹೆ, ವಾಕ್ಯದ ಕೊನೆಯ "ಸರ್". ಕನ್ನಡ ಪ್ರೋಸೆಸ್‌ನ ಯಾವ ಕಾಲ್ ಕೇಳಿದರೂ "ನಾಳೆ ಸಂಜೆ ಒಳಗೆ ಸರಿ ಹೋಗುತ್ತೆ ಸರ್", "ಒಂದ್ ನಿಮಿಷ ಲೈನ್‌ನಲ್ಲಿರಿ ಮೇಡಂ" ಎಂದೇ ಮಾತು ಮುಗಿಯುತ್ತದೆ. ಮನೆಯಲ್ಲಿ ಅದೇ ಹುಡುಗಿ "ನಾಳೆ ಸರಿ ಹೋಗುತ್ತೆ" ಅಂದರೆ ಕೊನೆಗೆ ದನಿ ಇಳಿಯುತ್ತದೆ. ಕಾಲ್‌ನಲ್ಲಿ ಎಷ್ಟೋ ಸಲ ಆ "ಸರ್" ಮೇಲೇ ನಿಂತಿರುತ್ತದೆ, ಇಲ್ಲ ಏರುತ್ತದೆ. ಕನ್ನಡದಲ್ಲಿ ಇದು ಇನ್ನೂ ಕುತೂಹಲದ ವಿಷಯ, ಯಾಕೆಂದರೆ ಹೌದು-ಇಲ್ಲ ಪ್ರಶ್ನೆಗೆ ನಮಗೆ "ಆ" ಇದೆ. "ಬಿಲ್ ಕಟ್ಟಿದ್ದೀರಿ", "ಬಿಲ್ ಕಟ್ಟಿದ್ದೀರಾ". ಕೇಳುತ್ತಿದ್ದೇವೆ ಎಂದು ತಿಳಿಸಲು ದನಿ ಏರಿಸಲೇಬೇಕು ಎಂದಿಲ್ಲ. ಹಾಗಿದ್ದ ಮೇಲೆ ಸುಮ್ನೆ ವಿಷಯ ಹೇಳುವ ವಾಕ್ಯದ ಕೊನೆಗೆ ಈ ಏರಿಕೆ ಏಕೆ ಬಂತು? ಟ್ರೈನಿಂಗ್‌ನಲ್ಲಿ ಕಲಿಸಿದ ಸ್ಕ್ರಿಪ್ಟ್‌ನಿಂದ ಅಂಟಿಕೊಂಡಿದ್ದಾ?

ಇಲ್ಲಿಂದ ಎರಡು ಪ್ರಶ್ನೆ ಹುಟ್ಟುತ್ತವೆ. ಮೊದಲನೆಯದು, ಒಬ್ಬನೇ ಏಜೆಂಟ್ ಸ್ಕ್ರಿಪ್ಟ್ ಹೇಳುವಾಗಲೂ ತಾನಾಗಿ ಮಾತಾಡುವಾಗಲೂ ಕೊನೆಯ ಪಿಚ್ ಬದಲಾವಣೆ ಒಂದೇ ಥರ ಇದೆಯೇ? ಎರಡನೆಯದು, ಕೆಲಸಕ್ಕೆ ಸೇರಿ ಆರು ತಿಂಗಳಾಗದವರಿಗಿಂತ ಎರಡು ವರ್ಷ ದಾಟಿದವರಲ್ಲಿ ಈ ಎರಡರ ಅಂತರ ಕಡಿಮೆಯೇ? ಸಾಕು. ಮೂರನೆಯದಾಗಿ "ಗ್ರಾಹಕರ ತೃಪ್ತಿ" ಸೇರಿಸಬೇಡಿ, ಅದು ಬೇರೆಯೇ ಪಿಎಚ್‌ಡಿ.

"ಸಹಜ ಮಾತು" ಅಂದರೆ ಯಾವುದು ಎಂದು ಪ್ರಪೋಸಲ್‌ನಲ್ಲೇ ಬರೆಯಿರಿ. ಇಡೀ ಕಾಲ್ ಸಹಜ ಅಲ್ಲ. ಶುರುವಿನ ನಮಸ್ಕಾರ, ಕೊನೆಯ ಧನ್ಯವಾದ ಬಾಯಿಪಾಠ. ನಂಬರ್ ಓದಿ ಖಚಿತಪಡಿಸುವಾಗ "ಒಂಬತ್ತು ಎಂಟು, ನಾಲ್ಕು ನಾಲ್ಕು" ಎಂದು ಪ್ರತಿ ತುಂಡಿಗೂ ದನಿ ಏರುತ್ತದೆ, ಆದರೆ ಅದು ಪಟ್ಟಿ ಓದುವ ರಾಗ, ಬಿಟ್ಟುಬಿಡಿ. ಗ್ರಾಹಕ ಕೇಳಿದ್ದಕ್ಕೆ ಏಜೆಂಟ್ ಕಾರಣ ವಿವರಿಸುವ ಭಾಗ ಇದೆಯಲ್ಲ, ನಿಮಗೆ ಬೇಕಾದ ಸಹಜ ಮಾತು ಅದು.

ಈಗ ಸ್ಯಾಂಪಲ್. ನಾನು ಎಡವಿದ್ದು ಇಲ್ಲೇ. ನನ್ನ ಮೊದಲ ಪ್ರಪೋಸಲ್‌ನಲ್ಲಿ 600 ಕಾಲ್ ಎಂದು ಹೆಮ್ಮೆಯಿಂದ ಬರೆದಿದ್ದೆ. ಕಮಿಟಿಯಲ್ಲಿ ಒಬ್ಬರು ಮೇಡಂ ಕೇಳಿದ್ದು ಒಂದೇ ಮಾತು: "ಮಾತಾಡಿದವರು ಎಷ್ಟು ಜನ?" ಎಂಟು. ಎಂಟೂ ಜನಕ್ಕೆ ಟ್ರೈನಿಂಗ್ ಕೊಟ್ಟಿದ್ದು ಒಬ್ಬರೇ. ಅಂದರೆ ನಾನು ಅಳೆಯಲು ಹೊರಟಿದ್ದು ಒಬ್ಬ ಟ್ರೈನರ್‌ನ ರಾಗವನ್ನು. ಒಬ್ಬರ ಎಪ್ಪತ್ತು ಕಾಲ್ ಎಪ್ಪತ್ತು ಜನ ಆಗುವುದಿಲ್ಲ, ಅಲ್ವಾ? ಕಾಲ್ ಹೆಚ್ಚಿಸುವುದಕ್ಕಿಂತ ಜನರನ್ನು ಹೆಚ್ಚಿಸಿ.

ಒಂದು ಲೆಕ್ಕ ಕೊಡುತ್ತೇನೆ, ಒಬ್ಬರೇ ಕೂತು ಮುಗಿಸಬಹುದಾದಷ್ಟು. ಹೊಸಬರಲ್ಲಿ ಗಂಡು, ಹೆಣ್ಣು, ಹಳಬರಲ್ಲಿ ಗಂಡು, ಹೆಣ್ಣು ಎಂದು ನಾಲ್ಕು ಗುಂಪು, ಒಂದೊಂದರಲ್ಲಿ ಆರು ಜನ, ಒಟ್ಟು 24. ಅವರು ಕನಿಷ್ಠ ಮೂರು ಬೇರೆ ಟ್ರೈನರ್‌ಗಳ ಕೈಯಲ್ಲಿ ಕಲಿತವರಾಗಿರಲಿ. ಪ್ರತಿಯೊಬ್ಬರಿಂದ ಆರು ಕಾಲ್. ಪ್ರತಿ ಕಾಲ್‌ನಲ್ಲಿ ಎಂಟು ಸಹಜ ವಾಕ್ಯ, ಎರಡು ಸ್ಕ್ರಿಪ್ಟ್ ವಾಕ್ಯ. 1,440 ವಾಕ್ಯ ಆಯಿತು. ಊರು ಯಾವುದು ಎಂದೂ ಬರೆದುಕೊಳ್ಳಿ. ಧಾರವಾಡದವರ ರಾಗ, ಮಂಗಳೂರಿನವರ ರಾಗ ಮೊದಲೇ ಬೇರೆ. ಅದನ್ನು ಗುಂಪು ಮಾಡಲು ಜನ ಸಾಲುವುದಿಲ್ಲ, ಆದರೆ ಒಂದೇ ಕಡೆಯವರೆಲ್ಲ ಹಳಬರಾಗಿಬಿಟ್ಟರೆ ಎರಡನೇ ಪ್ರಶ್ನೆ ಕೆಟ್ಟುಹೋಗುತ್ತದೆ.

ಆ ಆರು ಕಾಲ್ ಆರಿಸುವ ಕೆಲಸವನ್ನು ಕ್ವಾಲಿಟಿ ಟೀಮ್‌ಗೆ ಬಿಡಬೇಡಿ. ಅವರು ಕೊಡುವುದು ಮಾದರಿ ಕಾಲ್, ಇಲ್ಲ ಜಗಳದ ಕಾಲ್. ಕಾಲ್ ಲಾಗ್ ತೆಗೆದುಕೊಂಡು, ಮೂರು ನಿಮಿಷಕ್ಕಿಂತ ಉದ್ದದವುಗಳಲ್ಲಿ ನೀವೇ ಚೀಟಿ ಎತ್ತಿದ ಹಾಗೆ ಆರಿಸಿ. ಇನ್ನೊಂದು, ಏಜೆಂಟ್ ಮತ್ತು ಗ್ರಾಹಕ ಬೇರೆ ಬೇರೆ ಚಾನೆಲ್‌ನಲ್ಲಿದ್ದಾರಾ ಎಂದು ಮೊದಲ ದಿನವೇ ನೋಡಿ. ಎರಡೂ ಬೆರೆತ ಮೋನೋ ಫೈಲ್ ಆದರೆ ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ ಪಿಚ್ ಯಾರದು ಎಂದೇ ಗೊತ್ತಾಗುವುದಿಲ್ಲ.

"ಫೋನ್ ರೆಕಾರ್ಡಿಂಗ್‌ನಲ್ಲಿ ಪಿಚ್ ಸಿಗುತ್ತಾ" ಎಂದು ಕಮಿಟಿ ಖಂಡಿತ ಕೇಳುತ್ತದೆ. ಮಾಮೂಲಿ ಫೋನ್ ಲೈನ್ ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ ಬಿಡುತ್ತದೆ, ಹೆಂಗಸರ ಮೂಲ ಸ್ವರ ಹೆಚ್ಚಾಗಿ 200ರ ಆಸುಪಾಸು. ಆದರೂ ಸಿಗುತ್ತದೆ. 400, 600, 800ರಲ್ಲಿ ಅದರ ಮರುಸ್ವರಗಳು, ಅಂದರೆ ಹಾರ್ಮೋನಿಕ್‌ಗಳು, ಉಳಿದಿರುತ್ತವೆ, ಅವುಗಳ ನಡುವಿನ 200ರ ಅಂತರದಿಂದ ಪಿಚ್ ಲೆಕ್ಕ ಹಾಕಬಹುದು. ನಮ್ಮ ಕಿವಿ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಆದರೆ ದನಿಯ ಜೋರನ್ನು ಅಳೆಯುತ್ತೇನೆ ಎಂದು ಬರೆಯಬೇಡಿ, ಅದನ್ನು ಫೋನ್ ವ್ಯವಸ್ಥೆ ತಾನೇ ಏರಿಸಿ ಇಳಿಸುತ್ತಿರಬಹುದು.

ಅಳತೆ ಹರ್ಟ್ಸ್‌ನಲ್ಲಿ ಬೇಡ, ಸೆಮಿಟೋನ್‌ನಲ್ಲಿರಲಿ, ಅಂದರೆ ಸಂಗೀತದ ಒಂದು ಸಪ್ತಕವನ್ನು ಹನ್ನೆರಡು ಮಾಡಿದ ಒಂದು ಪಾಲು. f1 ಶುರುವಿನ ಪಿಚ್, f2 ಕೊನೆಯ ಪಿಚ್:

```
12 * log2(f1 / f2)
```

ಒಬ್ಬಳು "ಹೋಗುತ್ತೆ ಸರ್" ಅನ್ನುವಾಗ 210ರಿಂದ 160ಕ್ಕೆ ಇಳಿದಳು, ಒಬ್ಬ 126ರಿಂದ 96ಕ್ಕೆ ಇಳಿದ ಎಂದುಕೊಳ್ಳಿ. ಹರ್ಟ್ಸ್‌ನಲ್ಲಿ 50 ಮತ್ತು 30, ಆಕೆ ಜಾಸ್ತಿ ಇಳಿಸಿದಂತೆ ಕಾಣುತ್ತದೆ. ಸೆಮಿಟೋನ್‌ನಲ್ಲಿ ಇಬ್ಬರದೂ 4.7. ಕಿವಿಗೆ ಎರಡೂ ಒಂದೇ ಇಳಿತ. ಹರ್ಟ್ಸ್ ಇಟ್ಟುಕೊಂಡರೆ ಇಲ್ಲದ ಗಂಡು-ಹೆಣ್ಣಿನ ವ್ಯತ್ಯಾಸ ಪತ್ತೆ ಮಾಡಿಬಿಡುತ್ತೀರಿ.

ಎಲ್ಲಿಂದ ಎಲ್ಲಿಗೆ ಅಳೆಯುತ್ತೀರಿ ಎಂದೂ ಹೇಳಿ. "ಸರ್"ನ "ಸ್"ನಲ್ಲಿ ಗಂಟಲ ಕಂಪನವೇ ಇಲ್ಲ, ಪಿಚ್ ಅಳೆಯುವ ಸಾಫ್ಟ್‌ವೇರ್ Praat ತೆರೆದರೆ ಅಲ್ಲಿ ಪಿಚ್ ಗೆರೆ ತುಂಡಾಗಿರುತ್ತದೆ. ಹಾಗಾಗಿ "ಹೋಗುತ್ತೆ"ಯ ಕೊನೆಯ "ಎ" ನಡುಭಾಗ ಒಂದು, "ಸರ್"ನ "ಅ" ನಡುಭಾಗ ಒಂದು, ಎರಡೇ ಬಿಂದು. "ಮೇಡಂ"ನಲ್ಲಿ ಎರಡು ಅಕ್ಷರ ಇರುವುದರಿಂದ ಅದನ್ನು ಪ್ರತ್ಯೇಕ ಗುಂಪಾಗಿ ನೋಡಿ.

ಮೋಸ ಹೋಗುವುದು ವಾಕ್ಯದ ಕೊನೆಯಲ್ಲಿ. ದನಿ ಕೆಳಗಿಳಿದು ಗರಗರ ಆದಾಗ ಸಾಫ್ಟ್‌ವೇರ್ ಪಿಚ್ಚನ್ನು ದುಪ್ಪಟ್ಟು ಇಲ್ಲವೇ ಅರ್ಧ ಎಂದು ಓದುತ್ತದೆ. ಗೆರೆ ಒಮ್ಮೆಗೇ ಸುಮಾರು 12 ಸೆಮಿಟೋನ್ ಹಾರಿದ್ದರೆ ಮೊದಲು ಅನುಮಾನ ಪಡಿ, ಕಿವಿಗೊಟ್ಟು ಕೇಳಿ. ಇದನ್ನು ನೋಡದೆ ನಾನು ಒಬ್ಬ ಹುಡುಗನ ಗರಗರ ದನಿಯನ್ನು "ಭಾರೀ ಏರಿಕೆ" ಎಂದು ಸೆಮಿನಾರ್‌ನಲ್ಲಿ ತೋರಿಸಿ ನಗೆಪಾಟಲಾಗಿದ್ದೆ. ಅಂಥ ವಾಕ್ಯಗಳಿಗೆ "ಗರಗರ" ಎಂದೇ ಗುರುತು ಹಾಕಿ ಬೇರೆ ಎಣಿಸಿ, ಎಸೆಯಬೇಡಿ. ಗರಗರ ಎಂದರೆ ಹೆಚ್ಚಾಗಿ ಇಳಿತವೇ, ಅವನ್ನು ಎಸೆದರೆ ಸಹಜ ಮಾತಿನಲ್ಲೂ ಏರಿಕೆ ಜಾಸ್ತಿ ಇದ್ದಂತೆ ಸುಳ್ಳು ಉತ್ತರ ಬರುತ್ತದೆ.

ಒಪ್ಪಿಗೆಯ ವಿಷಯ. "ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಎಂದು ಕಂಪನಿ ಹೇಳಿದ್ದು ನಿಮ್ಮ ಸಂಶೋಧನೆಗೆ ಸಿಕ್ಕ ಒಪ್ಪಿಗೆ ಅಲ್ಲ. ಏಜೆಂಟ್‌ಗಳನ್ನು ನೀವೇ ಕೇಳಿ, ಟೀಮ್ ಲೀಡರ್ ಕೈಯಲ್ಲಿ ಫಾರ್ಮ್ ಕೊಟ್ಟು ಕಳಿಸಬೇಡಿ, ಅವರ ಮುಂದೆ ಯಾರೂ ಬೇಡ ಅನ್ನುವುದಿಲ್ಲ. ಗ್ರಾಹಕರ ಚಾನೆಲ್ಲನ್ನು ಕಂಪನಿಯೊಳಗೇ ಅಳಿಸಿ ತನ್ನಿ, ಏಜೆಂಟ್ ಬಾಯಲ್ಲಿ ಬರುವ ಹೆಸರು, ನಂಬರ್ ಇರುವ ತುಣುಕುಗಳನ್ನೂ ಅಲ್ಲೇ ಮೌನ ಮಾಡಿಸಿ. ನಿಮಗೆ ಬೇಕಾದ "ಹೋಗುತ್ತೆ ಸರ್" ಅದರಿಂದ ಏನೂ ಕೆಡುವುದಿಲ್ಲ.