ಪಟ್ಟಿಯಲ್ಲಿ ಒಂದು ಲೆಕ್ಕ, ಪಾಸ್‌ಬುಕ್‌ನಲ್ಲಿ ಇನ್ನೊಂದು

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮದೊಂದು ಸಣ್ಣ ಕ್ಲಬ್. ಮಳೆ ಮುಗಿದ ಮೇಲೆ ಕಾಡುದಾರಿ ಓಟ ಇಟ್ಟುಕೊಂಡಿದ್ದೇವೆ. ತಲೆಗೆ 600 ರೂಪಾಯಿ, ಎಲ್ಲಾ ಆನ್‌ಲೈನ್. ಶುಕ್ರವಾರ ರಾತ್ರಿ ನೋಂದಣಿ ಮುಚ್ಚಿದೆವು. ಪಟ್ಟಿಯಲ್ಲಿ 318 ಸಾಲು ಇವೆ. 291 ಪೇಯ್ಡ್, 27 ಪೆಂಡಿಂಗ್. ಅಂದರೆ 1,74,600 ಬರಬೇಕು. ಸೋಮವಾರ ನೋಡಿದರೆ ಗೇಟ್‌ವೇಯಿಂದ ಬ್ಯಾಂಕಿಗೆ ಬಂದಿರುವುದು 1,66,936.08. ಕಮಿಷನ್ 2%, ಅದರ ಮೇಲೆ ಜಿಎಸ್‌ಟಿ ಅಂತ ಗೊತ್ತು. ಆದರೂ ತಾಳೆ ಆಗುತ್ತಿಲ್ಲ. ಇದರ ಜೊತೆ ಆರೇಳು ಜನ ‘ದುಡ್ಡು ಕಟ್ ಆಗಿದೆ, ಮೆಸೇಜ್ ಬಂದಿಲ್ಲ’ ಅಂತ ಫೋನ್ ಮಾಡುತ್ತಿದ್ದಾರೆ. ಎಲ್ಲಿಂದ ಹುಡುಕಲಿ?
— ಕ್ಲಬ್ಬಿನ ಖಜಾಂಚಿ, ಮಡಿಕೇರಿ

ಉತ್ತರ: ಮೊದಲು ಆ 7,663 ರೂಪಾಯಿ 92 ಪೈಸೆಯನ್ನು ಮರೆತುಬಿಡಿ. ನೀವು ಕಳಿಸಿದ ಶೀಟ್‌ಗಳನ್ನು ಕೂತು ನೋಡಿದೆ. ಆ ಮೊತ್ತದಲ್ಲಿ ಕಡಿಮೆಯಾದದ್ದೂ ಇದೆ, ಜಾಸ್ತಿ ಬಂದದ್ದೂ ಇದೆ. ಎರಡೂ ಒಂದನ್ನೊಂದು ಅರ್ಧಂಬರ್ಧ ಹೊಡೆದುಹಾಕಿಕೊಂಡು ಉಳಿದದ್ದು ಮಾತ್ರ ನಿಮ್ಮ ಕಣ್ಣಿಗೆ ಬಿದ್ದಿದೆ. ಒಟ್ಟು ಮೊತ್ತಕ್ಕೆ ಒಟ್ಟು ಮೊತ್ತ ಹಿಡಿದು ನೋಡಿದರೆ ಇದು ಯಾವತ್ತೂ ಬಿಡಿಸಿಕೊಳ್ಳುವುದಿಲ್ಲ. ಸಾಲಿಗೆ ಸಾಲು ಹಿಡಿಯಬೇಕು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಹಿಂದೆ ಒಂದು ಕ್ರೀಡಾಕೂಟದ ಲೆಕ್ಕ ಬರೆಯುವಾಗ ವ್ಯತ್ಯಾಸ ಸಣ್ಣದು ಅಂತ ‘ಬ್ಯಾಂಕ್ ಚಾರ್ಜಸ್’ ಅಂತ ಒಂದು ಸಾಲು ಬರೆದು ಪುಸ್ತಕ ಮುಚ್ಚಿದ್ದೆ. ಆಟದ ದಿನ ಬೆಳಿಗ್ಗೆ ಕೌಂಟರ್ ಮುಂದೆ ಹನ್ನೊಂದು ಜನ ಮೊಬೈಲ್ ಹಿಡಿದು ನಿಂತಿದ್ದರು. ಎಲ್ಲರ ಹಣವೂ ನಮಗೆ ಬಂದಿತ್ತು. ಹೆಸರು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ.

ನಿಮ್ಮ ಹತ್ತಿರ ನಾಲ್ಕು ದಾಖಲೆ ಇರಬೇಕು. ನೋಂದಣಿ ಪಟ್ಟಿ, ಗೇಟ್‌ವೇಯ ಪೇಮೆಂಟ್ಸ್ ರಿಪೋರ್ಟ್, ಗೇಟ್‌ವೇಯ ಸೆಟಲ್‌ಮೆಂಟ್ ರಿಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್. ಇವನ್ನು ಸರಪಳಿ ಥರ ಜೋಡಿಸುವುದು ಮೂರು ನಂಬರ್‌ಗಳು. ಪಟ್ಟಿಗೂ ಪೇಮೆಂಟಿಗೂ ಆರ್ಡರ್ ಐಡಿ. ಪೇಮೆಂಟಿಗೂ ಸೆಟಲ್‌ಮೆಂಟಿಗೂ ಪೇಮೆಂಟ್ ಐಡಿ. ಸೆಟಲ್‌ಮೆಂಟಿಗೂ ಬ್ಯಾಂಕಿನ ಸಾಲಿಗೂ ಯುಟಿಆರ್, ಅಂದರೆ ಗೇಟ್‌ವೇ ನಿಮ್ಮ ಬ್ಯಾಂಕಿಗೆ ಹಣ ಕಳಿಸಿದಾಗ ಆ ವರ್ಗಾವಣೆಗೆ ಬೀಳುವ ನಂಬರ್. ಹೆಸರು ಹಿಡಿದು ಹುಡುಕಲು ಹೋಗಬೇಡಿ. ನಮ್ಮ ಕೊಡಗಿನಲ್ಲಂತೂ ಅದು ಆಗದ ಕೆಲಸ. ಒಂದು ಸಲ ಮನೆ ಹೆಸರು ಮೊದಲು ಬರೆಯುತ್ತಾರೆ, ಇನ್ನೊಂದು ಸಲ ಅದೇ ಮನುಷ್ಯ ಬರೀ ಇನಿಷಿಯಲ್ ಹಾಕಿರುತ್ತಾನೆ. ಯುಪಿಐಯಲ್ಲಿ ಬರುವ ಹೆಸರು ಹೆಂಡತಿಯದ್ದೋ ತಮ್ಮನದ್ದೋ ಆಗಿರಬಹುದು.

ಮೊದಲ ಕೊಂಡಿ ಎಲ್ಲಕ್ಕಿಂತ ಮುಖ್ಯ. ನೀವು ಅಲ್ಲಿ `VLOOKUP` ಹಾಕಿದ್ದೀರಿ. ತಪ್ಪಿದ್ದು ಅಲ್ಲೇ. ಒಂದು ಆರ್ಡರ್‌ಗೆ ಒಂದೇ ಪೇಮೆಂಟ್ ಇರಬೇಕೆಂದಿಲ್ಲ. ಓಟಗಾರ ಮೊದಲು ಪಿನ್ ತಪ್ಪು ಒತ್ತಿದ, ಎರಡನೇ ಸಲ ನೆಟ್‌ವರ್ಕ್ ಹೋಯಿತು, ಮೂರನೇ ಸಲ ಹಣ ಹೋಯಿತು. ರಿಪೋರ್ಟ್‌ನಲ್ಲಿ ಅದೇ ಆರ್ಡರ್ ಐಡಿಗೆ ಮೂರು ಸಾಲು ಬರುತ್ತವೆ. `VLOOKUP` ಮೇಲಿನಿಂದ ಮೊದಲು ಸಿಕ್ಕ ಸಾಲನ್ನು ತೋರಿಸಿ ಸುಮ್ಮನಾಗುತ್ತದೆ. ಅದು ಫೇಲ್ ಆದ ಸಾಲಾದರೆ ‘ಹಣ ಬಂದಿಲ್ಲ’ ಅಂತ ನೀವು ಅಂದುಕೊಳ್ಳುತ್ತೀರಿ. ಅದರ ಬದಲು ಎಣಿಸಿ. ಪಟ್ಟಿಯ C ಕಾಲಂನಲ್ಲಿ ಆರ್ಡರ್ ಐಡಿ ಇದೆ. ಪೇಮೆಂಟ್ಸ್ ಶೀಟಿನ B ಕಾಲಂನಲ್ಲಿ ಆರ್ಡರ್ ಐಡಿ, D ಕಾಲಂನಲ್ಲಿ ಸ್ಥಿತಿ ಇದೆ. ಹಣ ಬಂದ ಸಾಲಿಗೆ ಅಲ್ಲಿ `captured` ಅಂತ ಇರುತ್ತದೆ. ಪಟ್ಟಿಯ ಪಕ್ಕದ ಖಾಲಿ ಕಾಲಂನಲ್ಲಿ ಇದನ್ನು ಹಾಕಿ ಕೆಳಗಿನವರೆಗೂ ಎಳೆಯಿರಿ:

```
=COUNTIFS(Payments!$B:$B,$C2,Payments!$D:$D,"captured")
```

ಉತ್ತರ 1 ಬಂದರೆ ಆ ಸಾಲಿಗೆ ಹಣ ಬಂದಿದೆ. 0 ಬಂದರೆ ಇಲ್ಲ. 2 ಬಂದರೆ ಒಂದೇ ಆರ್ಡರ್‌ಗೆ ಎರಡು ಸಲ ಹೋಗಿದೆ. ನಿಮ್ಮಲ್ಲಿ 2 ಒಂದೂ ಇಲ್ಲ. ಇನ್ನು ಫಿಲ್ಟರ್ ಹಾಕಿ ಎರಡು ಗುಂಪು ನೋಡಿ. ಪೇಯ್ಡ್ ಇದ್ದೂ 0 ಬಂದವು, ಪೆಂಡಿಂಗ್ ಇದ್ದೂ 1 ಬಂದವು. ಉಳಿದವನ್ನು ಮುಟ್ಟಬೇಕಿಲ್ಲ.

ಪೆಂಡಿಂಗ್ ಇದ್ದೂ 1 ಬಂದ ಸಾಲುಗಳು 12. ಫೋನ್ ಮಾಡುತ್ತಿರುವವರು ಹೆಚ್ಚಾಗಿ ಇವರೇ. ಇವರ 7,200 ರೂಪಾಯಿ ನಿಮಗೆ ಸೇರಿದೆ. ಆದದ್ದು ಇಷ್ಟು. ನಿಮ್ಮ ಫಾರ್ಮ್ ‘ಪೇಯ್ಡ್’ ಅಂತ ಬರೆದುಕೊಳ್ಳುವುದು ಹಣ ಕಟ್ಟಿದ ಮೇಲೆ ಓಟಗಾರನ ಬ್ರೌಸರ್ ಗೇಟ್‌ವೇಯಿಂದ ನಿಮ್ಮ ಪುಟಕ್ಕೆ ವಾಪಸ್ ಬಂದಾಗ. ಸುಂಟಿಕೊಪ್ಪದಲ್ಲೋ ನಾಪೋಕ್ಲುವಿನಲ್ಲೋ ಮಳೆಗೆ ಕರೆಂಟ್ ಹೋಗಿ, ಅದರ ಹಿಂದೆಯೇ ಟವರ್ ಸಿಗ್ನಲ್ಲೂ ಹೋದರೆ ಬ್ರೌಸರ್ ವಾಪಸ್ ಬರುವುದೇ ಇಲ್ಲ. ಹಣ ಮಾತ್ರ ಬ್ಯಾಂಕುಗಳ ನಡುವೆ ಆಗಲೇ ದಾಟಿಬಿಟ್ಟಿರುತ್ತದೆ. ನಿಮ್ಮ 12ರಲ್ಲಿ 8 ಸಾಲು ಒಂದೇ ರಾತ್ರಿಯ ಎರಡು ಗಂಟೆಯೊಳಗಿನವು. ಅವತ್ತು ನಿಮ್ಮಲ್ಲೂ ಕರೆಂಟ್ ಇದ್ದಿರಲಿಕ್ಕಿಲ್ಲ, ಅಲ್ವಾ?

ಫಾರ್ಮ್ ಮಾಡಿಕೊಟ್ಟ ಹುಡುಗನಿಗೆ ವೆಬ್‌ಹುಕ್ ಹಾಕಲು ಹೇಳಿ. ಆಗ ಹಣ ಬಂದ ಸುದ್ದಿಯನ್ನು ಗೇಟ್‌ವೇ ನೇರವಾಗಿ ನಿಮ್ಮ ಸರ್ವರ್‌ಗೆ ಹೇಳುತ್ತದೆ. ಓಟಗಾರನ ಮೊಬೈಲ್ ಆಫ್ ಆದರೂ ತೊಂದರೆಯಿಲ್ಲ.

ಆದರೆ 12 ಸಾಲನ್ನೂ ಕಣ್ಣು ಮುಚ್ಚಿ ಪೇಯ್ಡ್ ಮಾಡಬೇಡಿ. ಇವುಗಳಲ್ಲಿ 3 ಜನ ಗಾಬರಿಯಾಗಿ ಮತ್ತೊಮ್ಮೆ ಹೊಸದಾಗಿ ಫಾರ್ಮ್ ತುಂಬಿ ಮತ್ತೊಮ್ಮೆ ಕಟ್ಟಿದ್ದಾರೆ. ಹೊಸ ಫಾರ್ಮ್ ಅಂದರೆ ಹೊಸ ಆರ್ಡರ್ ಐಡಿ. ಅದಕ್ಕೇ ಸೂತ್ರದಲ್ಲಿ 2 ಬರಲಿಲ್ಲ. ಇವರನ್ನು ಹಿಡಿಯಲು ಫೋನ್ ನಂಬರ್ ಮತ್ತು ಹುಟ್ಟಿದ ದಿನಾಂಕ ಎರಡನ್ನೂ ಒಟ್ಟಿಗೆ ನೋಡಬೇಕು. ಬರೀ ಫೋನ್ ನಂಬರ್ ಸಾಲದು. ನಿಮ್ಮ ಪಟ್ಟಿಯಲ್ಲೇ ಸೋಮವಾರಪೇಟೆಯ ಒಬ್ಬ ತಾಯಿ ತನ್ನ ಫೋನಿನಿಂದ ಮೂರು ಮಕ್ಕಳಿಗೂ ಕಟ್ಟಿದ್ದಾರೆ. ನಂಬರ್ ಒಂದೇ, ಓಟಗಾರರು ಮೂವರು. ಹಾಗಾಗಿ 12ರಲ್ಲಿ 9 ಜನರಿಗೆ ಸೀಟು, 3 ಜನರಿಗೆ ವಾಪಸ್.

ಈಗ ಇನ್ನೊಂದು ಗುಂಪು. ಪೇಯ್ಡ್ ಇದ್ದೂ 0 ಬಂದವು 4. ಇವುಗಳಲ್ಲಿ 2 ನೀವೇ ರದ್ದು ಮಾಡಿ ಹಣ ವಾಪಸ್ ಕೊಟ್ಟವು. ಪೂರ್ತಿ ಹಣ ವಾಪಸ್ ಹೋದರೆ ಎಷ್ಟೋ ಗೇಟ್‌ವೇಗಳಲ್ಲಿ ಆ ಪೇಮೆಂಟಿನ ಸ್ಥಿತಿ `captured` ಬಿಟ್ಟು `refunded` ಆಗುತ್ತದೆ. ನಿಮ್ಮ ಪಟ್ಟಿಗೆ ಅದು ಗೊತ್ತಿಲ್ಲ, ಅಷ್ಟೇ. ಉಳಿದ 2 ಸಾಲು ಸ್ವಲ್ಪ ಕಿರಿಕಿರಿಯವು. ವಾಟ್ಸಾಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್ ನೋಡಿ ನಿಮ್ಮ ಕಾರ್ಯಕರ್ತರು ಕೈಯಲ್ಲೇ ಪೇಯ್ಡ್ ಮಾಡಿದ್ದಾರೆ. ಒಬ್ಬರು ಕ್ಲಬ್ಬಿನ ಕ್ಯೂಆರ್‌ಗೆ ನೇರವಾಗಿ ಹಾಕಿದ್ದಾರೆ. ಅದು ಗೇಟ್‌ವೇಯಲ್ಲಿ ಕಾಣುವುದಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 600 ಅಂತ ಬೇರೆಯಾಗಿ ಬಂದಿದೆ. ಇನ್ನೊಬ್ಬರ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ಓದಿ. ‘ಪ್ರೊಸೆಸಿಂಗ್’ ಅಂತ ಇದೆ. ಹಣ ನಿಮಗೆ ಬಂದೇ ಇಲ್ಲ.

ಇಂಥವರ ಹತ್ತಿರ ಸ್ಕ್ರೀನ್‌ಶಾಟ್ ಕೇಳಬೇಡಿ, 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಕೇಳಿ. ಅದನ್ನು ಸ್ಟೇಟ್‌ಮೆಂಟ್‌ನಲ್ಲಿ ಹುಡುಕುವ ಮೊದಲು ಆ ಕಾಲಂ ಟೆಕ್ಸ್ಟ್ ಆಗಿ ತೆರೆದಿದೆಯಾ ನೋಡಿ. ಎಕ್ಸೆಲ್ ಅಷ್ಟುದ್ದದ ಅಂಕಿಯನ್ನು `E+11` ಅಂತ ಕುಗ್ಗಿಸಿ ತೋರಿಸುತ್ತದೆ. ಆಮೇಲೆ ಇದ್ದದ್ದೂ ಇಲ್ಲ ಅನ್ನಿಸುತ್ತದೆ.

ಪೆಂಡಿಂಗ್‌ನಲ್ಲಿ ಉಳಿದ 15 ಸಾಲಿಗೆ ಹಣ ಬಂದಿಲ್ಲ. ಕೆಲವರು ಅರ್ಧಕ್ಕೆ ಬಿಟ್ಟವರು, ಕೆಲವರದ್ದು ಫೇಲ್ ಆದದ್ದು. ಅವರಲ್ಲಿ ಯಾರಾದರೂ ‘ಖಾತೆಯಿಂದ ಹೋಗಿದೆ’ ಅಂದರೆ ಸುಳ್ಳು ಅಂತ ತಿಳಿಯಬೇಡಿ. ಅವರ ಬ್ಯಾಂಕಿನಿಂದ ಹೊರಟ ಹಣ ನಿಮ್ಮ ಕಡೆ ಖಾತ್ರಿಯಾಗದೆ ಮಧ್ಯದಲ್ಲಿ ನಿಂತಿರುತ್ತದೆ. ಅಂಗಡಿ ಅಥವಾ ಸಂಸ್ಥೆಗೆ ಮಾಡಿದ ಯುಪಿಐ ಪಾವತಿ ಹೀಗೆ ಸಿಕ್ಕಿಬಿದ್ದರೆ 5 ದಿನದೊಳಗೆ ತಾನಾಗಿಯೇ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಅವರು ದೂರು ಕೊಡಬೇಕಾದ್ದು ತಮ್ಮ ಬ್ಯಾಂಕಿಗೆ. ನೀವು ಕೈಯಿಂದ ಕೊಡಲು ಹೋಗಬೇಡಿ, ಬರದ ಹಣವನ್ನು ವಾಪಸ್ ಕೊಟ್ಟ ಹಾಗಾಗುತ್ತದೆ. ಇನ್ನೊಂದು ವಿಷಯ. ಫೇಲ್ ಅಂತ ತೋರಿಸಿದ ಪೇಮೆಂಟ್ ಕೆಲವೊಮ್ಮೆ ತಡವಾಗಿ ಯಶಸ್ವಿ ಆಗುವುದುಂಟು. ಅದಕ್ಕೆ ಈ 15 ಸಾಲನ್ನು ವಾರ ಬಿಟ್ಟು, ಹೊಸ ರಿಪೋರ್ಟ್ ಇಳಿಸಿಕೊಂಡು, ಮತ್ತೊಮ್ಮೆ ಅದೇ ಸೂತ್ರದಲ್ಲಿ ಓಡಿಸಿ.

ಈಗ ನಿಮ್ಮ ಮೊತ್ತಕ್ಕೆ ಬರೋಣ. 1,74,600ರಲ್ಲಿ ಕೈಯಲ್ಲಿ ಪೇಯ್ಡ್ ಮಾಡಿದ ಇಬ್ಬರ 1,200 ತೆಗೆಯಿರಿ. ಪೆಂಡಿಂಗ್‌ನ 12 ಜನರ 7,200 ಸೇರಿಸಿ. 1,80,600 ಆಯಿತು, ಅಂದರೆ ಗೇಟ್‌ವೇಗೆ ನಿಜವಾಗಿ ಬಂದ 301 ಪೇಮೆಂಟ್. 600ಕ್ಕೆ 2% ಅಂದರೆ 12 ರೂಪಾಯಿ, ಆ 12ಕ್ಕೆ 18% ಜಿಎಸ್‌ಟಿ 2.16, ಒಟ್ಟು 14.16. ಜಿಎಸ್‌ಟಿ ಕಮಿಷನ್ ಮೇಲೆ ಮಾತ್ರ, 600ರ ಮೇಲೆ ಅಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. 301 ಪೇಮೆಂಟಿಗೆ 4,262.16 ಹೋಯಿತು. ವಾಪಸ್ ಕೊಟ್ಟ 1,200 ಹೋಯಿತು. ಉಳಿದದ್ದು 1,75,137.84.

ಇನ್ನೂ 8,201.76 ಜಾಸ್ತಿ ಕಾಣುತ್ತಿದೆ. ಅದು ಶುಕ್ರವಾರ ಬಂದ 14 ಪೇಮೆಂಟ್. ಒಂದೊಂದಕ್ಕೆ 585.84. ನಿಮ್ಮ ಗೇಟ್‌ವೇ ಹಣ ಬಿಡುವುದು ಎರಡು ಕೆಲಸದ ದಿನ ಆದಮೇಲೆ. ಶನಿವಾರ ಎರಡನೇ ಶನಿವಾರ, ಆಮೇಲೆ ಭಾನುವಾರ. ಆ ಹಣ ಮಂಗಳವಾರ ಬರುತ್ತದೆ, ನೀವು ಪಾಸ್‌ಬುಕ್ ನೋಡಿದ್ದು ಸೋಮವಾರ. ಅದನ್ನು ಕಳೆದರೆ ಸರಿಯಾಗಿ 1,66,936.08, ಪೈಸೆ ಸಮೇತ. ಮಂಗಳವಾರದ ಸೆಟಲ್‌ಮೆಂಟಿನ ಯುಟಿಆರ್ ಬ್ಯಾಂಕಿನ ಸಾಲಿನಲ್ಲಿ ಇದೆಯಾ ಅಂತ ನೋಡಿ ಟಿಕ್ ಹಾಕಿದರೆ ಆ ಕಡೆಯ ಕೆಲಸ ಮುಗಿಯಿತು.

ಎರಡೆರಡು ಸಲ ಕಟ್ಟಿದ ಮೂವರಿಗೆ ಹಣ ಕೊಡುವಾಗ ಗೇಟ್‌ವೇಯ ರಿಫಂಡ್ ಬಟನ್ ಒತ್ತಿಯೇ ಕೊಡಿ, ಅದೂ ಪೆಂಡಿಂಗ್ ಸಾಲಿನ ಪೇಮೆಂಟ್ ಐಡಿಗೆ. ‘ಅಯ್ಯೋ ನಂಬರ್‌ಗೆ ಗೂಗಲ್ ಪೇ ಮಾಡಿಬಿಡಿ’ ಅಂತಾರೆ, ಮಾಡಬೇಡಿ. ಹಾಗೆ ಕೊಟ್ಟರೆ ರಿಪೋರ್ಟ್‌ನಲ್ಲಿ ಆ ಪೇಮೆಂಟ್ `captured` ಆಗಿಯೇ ಉಳಿಯುತ್ತದೆ. ಮುಂದಿನ ತಿಂಗಳು ಲೆಕ್ಕ ನೋಡುವವರು ಮತ್ತೊಮ್ಮೆ ವಾಪಸ್ ಕೊಟ್ಟಾರು. ರಿಫಂಡ್ ಮಾಡಿದರೂ ಕಮಿಷನ್ ಸಾಮಾನ್ಯವಾಗಿ ನಿಮಗೆ ವಾಪಸ್ ಬರುವುದಿಲ್ಲ. ಮೂವರದ್ದು ಸೇರಿ 42.48. ಅದನ್ನು ಕ್ಲಬ್ಬಿನ ಖರ್ಚಿಗೆ ಬರೆಯಿರಿ, ಅವರ 600ರಲ್ಲಿ ಹಿಡಿಯಬೇಡಿ.